24 ಎಂಎಂ ಲೆನ್ಸಿನಲ್ಲಿ ಇಷ್ಟು ದೊಡ್ಡ ಚಂದ್ರ ಹೇಗೆ ಬಂದ?

ಒಂದು ಫೋಟೊ ಸ್ಪರ್ಧೆಗೆ ಬಂದ ಚಿತ್ರಗಳನ್ನು ಸೋಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಿಯಮ ಒಂದೇ: ಚಿತ್ರವನ್ನು 2024ರ ಏಪ್ರಿಲ್‌ನಲ್ಲೇ ತೆಗೆದಿರಬೇಕು. ಎಲ್ಲರ ಕಣ್ಣೂ ಒಂದು ಚಿತ್ರದ ಮೇಲೆ ನಿಂತಿತು. ವಿಶಾಲ ಮೈದಾನ, ನಡುವೆ ಒಂದು ಗೋಪುರ, ಹಿಂದೆ ಸೂರ್ಯ ಆಗಷ್ಟೇ ಮುಳುಗಿದ ಕೆಂಪು ಆಕಾಶ. ಗೋಪುರದ ಪಕ್ಕದಲ್ಲಿ ದುಂಡಗಿನ ಹುಣ್ಣಿಮೆ ಚಂದ್ರ. ಚಿತ್ರದ ಅಗಲದಲ್ಲಿ ಹೆಚ್ಚೂಕಡಿಮೆ ಏಳರಲ್ಲಿ ಒಂದು ಪಾಲು ಚಂದ್ರನೇ ಇದ್ದ.

ಫೈಲಿನ ಎಕ್ಸಿಫ್ ತೆಗೆದು ನೋಡಿದೆ. ಕ್ಯಾಮೆರಾ ಪ್ರತಿ ಚಿತ್ರದ ಜೊತೆ ಬರೆದಿಡುವ ಜಾತಕ ಅಂದುಕೊಳ್ಳಿ.

```
Model            : ILCE-7M3
LensModel        : FE 24-70mm F2.8 GM
FocalLength      : 24.0 mm
DateTimeOriginal : 2024:04:10 18:52:07
ImageWidth       : 6000
```

ಮಾಡೆಲ್ ಹೆಸರು ನೋಡಿ ಗಾಬರಿ ಬೇಡ. ಅಂಗಡಿಯಲ್ಲಿ ಎ7 ತ್ರೀ ಅಂತ ಮಾರುವ ಸೋನಿ ಕ್ಯಾಮೆರಾ ತನ್ನನ್ನು ಹೀಗೆಯೇ ಬರೆದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೂ ಎಕ್ಸಿಫ್‌ನ ಹೆಸರಿಗೂ ತಾಳೆಯಾಗದಿದ್ದರೆ ಅದು ಮೋಸವಲ್ಲ. ತೊಂದರೆ ಇದ್ದದ್ದು ಮೂರನೇ ಮತ್ತು ನಾಲ್ಕನೇ ಸಾಲಿನಲ್ಲಿ.

ಚಂದ್ರ ನಮಗೆ ಪುಕ್ಕಟೆ ಸಿಕ್ಕ ಅಳತೆಪಟ್ಟಿ. ಭೂಮಿಯಿಂದ ನೋಡಿದರೆ ಅವನ ಅಗಲ ಸುಮಾರು ಅರ್ಧ ಡಿಗ್ರಿ. ದೂರ ಸ್ವಲ್ಪ ಹೆಚ್ಚುಕಡಿಮೆಯಾದರೂ ಈ ಅಳತೆ ಜಾಸ್ತಿ ಬದಲಾಗುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಚಂದ್ರನ ಬಿಂಬ ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಫೋಕಲ್ ಲೆಂಗ್ತನ್ನು, ಅಂದರೆ ಲೆನ್ಸ್ ದೃಶ್ಯವನ್ನು ಎಷ್ಟು ಹತ್ತಿರಕ್ಕೆ ಎಳೆಯುತ್ತದೆ ಎಂದು ಹೇಳುವ ಎಂಎಂ ಅಳತೆಯನ್ನು, 110ರಿಂದ ಭಾಗಿಸಿದರೆ ಸಾಕು. 24ನ್ನು 110ರಿಂದ ಭಾಗಿಸಿದರೆ 0.22 ಮಿಲಿಮೀಟರ್. ಈ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 36 ಮಿಲಿಮೀಟರ್, ಅದರಲ್ಲಿ 6000 ಪಿಕ್ಸೆಲ್. ಅಂದರೆ 24 ಎಂಎಂನಲ್ಲಿ ಚಂದ್ರ ಸುಮಾರು 36 ಪಿಕ್ಸೆಲ್ ಅಗಲ ಇರಬೇಕು. ಕಣ್ಣಿಗೆ ಒಂದು ಚುಕ್ಕೆ, ಅಷ್ಟೇ.

ಚಿತ್ರದಲ್ಲಿದ್ದ ಚಂದ್ರನನ್ನು ಅಳೆದೆ. ಸುಮಾರು 890 ಪಿಕ್ಸೆಲ್! ಲೆಕ್ಕವನ್ನು ತಿರುಗಿಸಿ ಹಾಕಿದರೆ ಅದಕ್ಕೆ ಬೇಕಾದ ಫೋಕಲ್ ಲೆಂಗ್ತ್ ಹತ್ತಿರಹತ್ತಿರ 600 ಎಂಎಂ. 24-70 ಲೆನ್ಸ್ ಎಷ್ಟೇ ಜೂಮ್ ಮಾಡಿದರೂ ಅಲ್ಲಿಗೆ ಹೋಗುವುದಿಲ್ಲ. ಮೂಲೆ ಕತ್ತರಿಸಿ ದೊಡ್ಡದು ಮಾಡಿದ್ದಾರೆ ಅನ್ನೋಣ ಅಂದರೆ ಅಗಲ ಪೂರ್ತಿ 6000 ಇದೆ, ಮೈದಾನವೂ ಈ ಅಂಚಿನಿಂದ ಆ ಅಂಚಿನವರೆಗೆ ಹರಡಿಕೊಂಡಿದೆ. ಮೈದಾನ 24 ಎಂಎಂ ಅನ್ನುತ್ತಿತ್ತು, ಚಂದ್ರ 600 ಅನ್ನುತ್ತಿದ್ದ.

ದಿನಾಂಕದ ಕಥೆ ಇನ್ನೂ ವಿಚಿತ್ರ. 2024ರ ಏಪ್ರಿಲ್ 8ರಂದು ಉತ್ತರ ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಕಂಡಿತ್ತು. ಸೂರ್ಯಗ್ರಹಣ ಅಂದರೆ ಅಮಾವಾಸ್ಯೆ. ಅದಾದ ಎರಡೇ ದಿನಕ್ಕೆ ಹುಣ್ಣಿಮೆ ಚಂದ್ರ ಎಲ್ಲಿಂದ ಬರಬೇಕು? ಸಾಲದ್ದಕ್ಕೆ, ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಇರುತ್ತಾನೆ. ಸೂರ್ಯ ಮುಳುಗಿದ ಕಡೆಯೇ ಅವನು ಕಾಣಿಸುವ ಮಾತೇ ಇಲ್ಲ.

ಹಳೆಯ ಚಿತ್ರಕ್ಕೆ ಹೊಸ ದಿನಾಂಕ ಹಾಕಿ ಕಳಿಸಿದ್ದಾರೆ, ಇದು ನನಗೆ ಮೊದಲು ಬಂದ ಅನುಮಾನ. ಬರಲಿಕ್ಕೆ ಕಾರಣವೂ ಇತ್ತು. ದಿನಾಂಕ ತಿದ್ದುವುದಕ್ಕೆ ಇಷ್ಟೇ ಸಾಕು:

```
exiftool "-DateTimeOriginal=2024:04:10 18:52:07" photo.jpg
```

ಫಿಲ್ ಹಾರ್ವಿ ಬರೆದ ಎಕ್ಸಿಫ್‌ಟೂಲ್ 2003ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಅದನ್ನು ಕಳ್ಳರಿಗಾಗಿ ಮಾಡಿದ್ದಲ್ಲ. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ, ಪ್ರಯಾಣದಲ್ಲಿ ಗಂಟೆ ಬದಲಿಸಲು ಮರೆತಿದ್ದರೆ, ಅಜ್ಜನ ಕಾಲದ ಚಿತ್ರವನ್ನು ಸ್ಕ್ಯಾನ್ ಮಾಡಿದ್ದರೆ ಸರಿಯಾದ ದಿನಾಂಕ ಬರೆಯಲು ಇಂಥದ್ದೊಂದು ಬೇಕೇ ಬೇಕು.

ಆದರೆ ಇಷ್ಟು ಸಲೀಸಾಗಿ ತಿದ್ದಲು ಬಿಡುವುದು ಯಾಕೆ? ಉತ್ತರ ಎಕ್ಸಿಫ್ ಹುಟ್ಟಿದ ರೀತಿಯಲ್ಲೇ ಇದೆ. 1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಒಕ್ಕೂಟ ಇದರ ಮೊದಲ ಆವೃತ್ತಿ ತಂದಿತು. ಒಂದು ಕಂಪನಿಯ ಕ್ಯಾಮೆರಾದ ಫೈಲನ್ನು ಇನ್ನೊಂದು ಕಂಪನಿಯ ಪ್ರಿಂಟರೋ ಕಂಪ್ಯೂಟರೋ ಓದಬೇಕಿತ್ತು. ಅದಕ್ಕೆ ಎಲ್ಲರೂ ಒಪ್ಪುವ ಒಂದು ನಮೂನೆ ಬೇಕಿತ್ತು. ಒಳಗಿನ ಜೋಡಣೆಯನ್ನು ಆಗಲೇ ಬಳಕೆಯಲ್ಲಿದ್ದ ಟಿಫ್ ಫೈಲಿನಿಂದ ತೆಗೆದುಕೊಂಡರು: ಒಂದು ನಂಬರು, ಅದರ ಮುಂದೆ ಅದರ ಮಾಹಿತಿ, ಸಾಲುಸಾಲಾಗಿ. ನ್ಯಾಯಾಲಯ, ಸಾಕ್ಷಿ, ಸ್ಪರ್ಧೆ ಇವೆಲ್ಲ ಯಾರ ತಲೆಯಲ್ಲೂ ಇರಲಿಲ್ಲ. 2002ರ 2.2 ಆವೃತ್ತಿಯಲ್ಲೂ ಮುಖ್ಯ ಮಾತು ಚೆನ್ನಾಗಿ ಪ್ರಿಂಟ್ ಬರುವುದರ ಬಗ್ಗೆಯೇ ಇತ್ತು.

ದಿನಾಂಕವನ್ನು ಅದರಲ್ಲಿ ಸಾದಾ ಅಕ್ಷರಗಳಲ್ಲಿ ಬರೆಯುತ್ತಾರೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು ಎಲ್ಲ ಸೇರಿ 19 ಅಕ್ಷರ, ಕೊನೆಗೊಂದು ಸೊನ್ನೆ ಬೈಟ್. ಗುಟ್ಟಿನ ಲಿಪಿಯಿಲ್ಲ, ಮುದ್ರೆಯಿಲ್ಲ. ಬೈಟ್‌ಗಳನ್ನು ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಜೆಪೆಗ್ ಫೈಲ್ ತೆರೆದರೆ ಆ ಸಾಲು ಬರಿಗಣ್ಣಿಗೇ ಕಾಣುತ್ತದೆ. 2023ರ ಕೊನೆಯ 3ರ ಜಾಗದಲ್ಲಿ 4 ಒತ್ತಿ ಸೇವ್ ಮಾಡಿ. ಫೈಲಿನ ಗಾತ್ರ ಒಂದು ಬೈಟ್ ಕೂಡ ಬದಲಾಗುವುದಿಲ್ಲ, ಚಿತ್ರ ಎಂದಿನಂತೆ ತೆರೆದುಕೊಳ್ಳುತ್ತದೆ. ಬದಲಾಯಿತು ಎಂದು ದೂರು ಹೇಳಲು ಒಳಗೆ ಯಾರೂ ಇಲ್ಲ.

ನಮೂನೆಯಲ್ಲಿ ಇನ್ನೂ ತೂತುಗಳಿದ್ದವು. ಲೆನ್ಸ್ ಹೆಸರಿಗೆ ಎಲ್ಲರಿಗೂ ಒಪ್ಪಿತವಾದ ಜಾಗ ಸಿಕ್ಕಿದ್ದು 2010ರ 2.3 ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಪ್ರತಿ ಕಂಪನಿಯೂ ಮೇಕರ್ ನೋಟ್ ಅನ್ನುವ ತನ್ನ ಖಾಸಗಿ ಮೂಲೆಯಲ್ಲಿ ಲೆನ್ಸಿಗೊಂದು ನಂಬರು ಬರೆದುಕೊಳ್ಳುತ್ತಿತ್ತು. ಬೇರೆ ಕಂಪನಿಯ ಲೆನ್ಸುಗಳು ಕ್ಯಾನನ್ ಲೆನ್ಸಿನ ನಂಬರನ್ನೇ ಹೇಳಿಕೊಂಡು ಕ್ಯಾಮೆರಾಗೆ ಜೋಡಿಯಾಗುವುದೂ ಇತ್ತು. ಹೀಗಾಗಿ ಹಳೆಯ ಫೈಲಿನಲ್ಲಿ ತಪ್ಪು ಲೆನ್ಸ್ ಹೆಸರು ಕಂಡರೆ ಸುಮ್ನೆ ಯಾರ ಮೇಲೂ ಗೂಬೆ ಕೂರಿಸಬಾರದು. ಕ್ಯಾಮೆರಾಗೆ ಮಾಹಿತಿ ಕೊಡದ ಹಳೆಯ ಮ್ಯಾನುಯಲ್ ಲೆನ್ಸ್ ಹಾಕಿದರೆ ಫೋಕಲ್ ಲೆಂಗ್ತ್ ಸೊನ್ನೆ ಅಂತ ಬರುವುದೂ ಉಂಟು. ಸಮಯ ಯಾವ ಊರಿನ ಗಡಿಯಾರದ್ದು ಎಂದು ಬರೆಯಲು ಜಾಗ ಮಾಡಿದ್ದಂತೂ 2016ರಲ್ಲಿ. ಅಲ್ಲಿಯವರೆಗೆ 18:52 ಅಂದರೆ ಎಲ್ಲಿಯ 18:52 ಅಂತ ಎಕ್ಸಿಫ್ ಹೇಳುತ್ತಲೇ ಇರಲಿಲ್ಲ.

ಬೀಗ ಹಾಕುವ ಪ್ರಯತ್ನ ನಡೆಯಲಿಲ್ಲವೇ ಅಂದರೆ, ನಡೆದಿದೆ. ಕ್ಯಾನನ್ ಮತ್ತು ನಿಕಾನ್ ತಮ್ಮ ದುಬಾರಿ ಕ್ಯಾಮೆರಾಗಳಲ್ಲಿ ಚಿತ್ರಕ್ಕೆ ಮುದ್ರೆ ಒತ್ತುವ ಸೌಲಭ್ಯ ಕೊಟ್ಟಿದ್ದವು. 2010ರ ಕೊನೆಗೆ ರಷ್ಯಾದ ಎಲ್ಕಾಂಸಾಫ್ಟ್ ಕಂಪನಿ ಕ್ಯಾನನ್‌ನದನ್ನು, 2011ರಲ್ಲಿ ನಿಕಾನ್‌ನದನ್ನು ಒಡೆದು ತೋರಿಸಿತು. ಮುದ್ರೆ ಒತ್ತುವ ಗುಟ್ಟಿನ ಕೀಲಿ ಕ್ಯಾಮೆರಾದೊಳಗೇ ಇರಬೇಕಲ್ವಾ? ಅದನ್ನೇ ಹೊರಗೆ ತೆಗೆದರು. ಕೀಲಿ ಕೈಗೆ ಬಂದ ಮೇಲೆ ಯಾವ ನಕಲಿ ಚಿತ್ರಕ್ಕೂ ಅಸಲಿ ಮುದ್ರೆ ಒತ್ತಬಹುದು. 2023ರಲ್ಲಿ ಬಂದ ಲೈಕಾ ಎಂ11-ಪಿ ಇನ್ನೂ ಗಟ್ಟಿಯಾದ ಹೊಸ ಸಹಿ ಪದ್ಧತಿಯನ್ನು ಕ್ಯಾಮೆರಾದೊಳಗೇ ತಂದಿತು.

ಎಷ್ಟೇ ಗಟ್ಟಿ ಸಹಿಯಾದರೂ ಫೈಲನ್ನು ಆಮೇಲೆ ಯಾರೂ ಮುಟ್ಟಿಲ್ಲ ಎಂದಷ್ಟೇ ಅದು ಹೇಳಬಲ್ಲದು. ಕ್ಯಾಮೆರಾದ ಮೆನುವಿಗೆ ಹೋಗಿ ಗಡಿಯಾರವನ್ನೇ ಮೊದಲು ತಿರುಗಿಸಿಟ್ಟು ಆಮೇಲೆ ಕ್ಲಿಕ್ ಮಾಡಿದರೆ? ಆಗ ಎಕ್ಸಿಫ್, ಮೇಕರ್ ನೋಟ್, ಸೆನ್ಸರ್ ಕಂಡದ್ದನ್ನು ಹಾಗೇ ಬರೆದಿಡುವ ಮೂಲ ರಾ ಫೈಲ್ ಎಲ್ಲವೂ ಒಂದೇ ಸುಳ್ಳನ್ನು ಒಟ್ಟಿಗೆ ಹೇಳುತ್ತವೆ. ಸಿಕ್ಕಿಬೀಳುವುದು ಆಮೇಲೆ ತಿದ್ದುವವರು. ಮೇಲಿನ ಕಮಾಂಡ್ ಒಂದು ದಿನಾಂಕವನ್ನು ಮಾತ್ರ ಬದಲಿಸುತ್ತದೆ. `CreateDate`, `ModifyDate` ಅನ್ನುವ ಇನ್ನೆರಡು ದಿನಾಂಕಗಳು ಹಾಗೇ ಉಳಿಯುತ್ತವೆ. ಮೂರನ್ನೂ ಬದಲಿಸುವ ಜಾಣರು ಜಿಪಿಎಸ್ ಬರೆದ ಸಮಯವನ್ನು ಮರೆಯುತ್ತಾರೆ. ಅದು ಉಪಗ್ರಹದಿಂದ ಬಂದದ್ದು, ಇಡೀ ಜಗತ್ತಿಗೆ ಒಂದೇ ಆದ ಯುಟಿಸಿ ಸಮಯದ ಲೆಕ್ಕದಲ್ಲಿ ಬೇರೆಯೇ ಜಾಗದಲ್ಲಿ ಕೂತಿರುತ್ತದೆ.

ನನ್ನ ಮುಂದಿದ್ದ ಫೈಲಿನಲ್ಲಿ ಜಿಪಿಎಸ್ ಇರಲಿಲ್ಲ. `CreateDate` ಕೂಡ ಏಪ್ರಿಲ್ 10 ಅಂತಲೇ ಇತ್ತು. `ModifyDate` ಮಾತ್ರ ಎರಡು ವಾರ ಆಮೇಲಿನದು. ಅದರಿಂದ ಏನೂ ಸಾಬೀತಾಗುವುದಿಲ್ಲ, ಬೆಳಕು ತಿದ್ದಿ ಸೇವ್ ಮಾಡಿದರೂ ಅದು ಬದಲಾಗುತ್ತದೆ. ಹಾಗಾಗಿ ಫೋಟೊ ಕಳಿಸಿದವರಿಗೆ ಬರೆದೆ: ‘ರಾ ಫೈಲ್ ಕಳಿಸಿ, ಅದರ ಹಿಂದಿನ ಮುಂದಿನ ಐದೈದು ಫ್ರೇಮ್‌ಗಳೂ ಬೇಕು.’ ಹತ್ತು ಫ್ರೇಮ್‌ಗಳನ್ನು ಕೇಳಿದ್ದಕ್ಕೆ ಕಾರಣ ಇದೆ. ರಾ ಫೈಲಿನ ದಿನಾಂಕವನ್ನೂ ಅದೇ ಎಕ್ಸಿಫ್‌ಟೂಲ್ ತಿದ್ದುತ್ತದೆ. ಆದರೆ ಸಾಲಾಗಿ ಬಂದ ಫೈಲ್ ನಂಬರು, ಸಮಯ, ನಿಮಿಷನಿಮಿಷಕ್ಕೂ ಕಂದುತ್ತಾ ಹೋಗುವ ಆಕಾಶ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸುವುದು ದೊಡ್ಡ ಉಸಾಬರಿ.

ಅವರು ಕಳಿಸಿದರು. ಪುಣ್ಯಕ್ಕೆ ನಾನು ದೂರು ಬರೆಯದೆ ಪ್ರಶ್ನೆ ಕೇಳಿದ್ದೆ. ಯಾಕಂದ್ರೆ ದಿನಾಂಕವನ್ನು ಅವರು ಮುಟ್ಟಿಯೇ ಇರಲಿಲ್ಲ.

ಮೈದಾನ ಮತ್ತು ಗೋಪುರದ ಚಿತ್ರ ನಿಜಕ್ಕೂ ಏಪ್ರಿಲ್ 10ರ ಸಂಜೆಯದೇ, 24 ಎಂಎಂನಲ್ಲೇ ತೆಗೆದದ್ದು. ದೊಡ್ಡ ಚಂದ್ರ ಮಾತ್ರ 2022ರ ನವೆಂಬರಿನದು, 200-600 ಲೆನ್ಸನ್ನು ಪೂರ್ತಿ ಚಾಚಿ ತೆಗೆದದ್ದು. ಎಡಿಟಿಂಗ್ ಪ್ರೋಗ್ರಾಂನಲ್ಲಿ ಮೊದಲು ಮೈದಾನದ ಚಿತ್ರ ತೆರೆದು, ಅದರ ಮೇಲೆ ಚಂದ್ರನನ್ನು ಅಂಟಿಸಿ ಸೇವ್ ಮಾಡಿದ್ದಾರೆ. ಕೊನೆಯ ಫೈಲಿಗೆ ಅಡಿಯ ಚಿತ್ರದ ಎಕ್ಸಿಫ್ ಉಳಿದುಕೊಂಡಿದೆ. ಅಂಟಿಸಿದ ಚಂದ್ರನ ಜಾತಕ ಎಲ್ಲೂ ಬರಲೇ ಇಲ್ಲ. ಎಕ್ಸಿಫ್‌ನ ಒಂದೊಂದು ಸಾಲೂ ನಿಜವೇ ಆಗಿತ್ತು, ಆದರೆ ಅದು ಬೇರೆ ಚಿತ್ರದ ನಿಜ. ಚಂದ್ರ ಏಪ್ರಿಲಿನವನಲ್ಲವಾದ್ದರಿಂದ ಚಿತ್ರ ಸ್ಪರ್ಧೆಯಿಂದ ಹೊರಗೆ ಹೋಯಿತು.

ರಾ ಫೈಲನ್ನು ದೊಡ್ಡದು ಮಾಡಿ ನೋಡುವಾಗ ಗೋಪುರದ ಮೇಲೆ, ಎಡಕ್ಕೆ, ಬೆಳ್ಳನೆಯದೊಂದು ಗೀಟು ಕಂಡಿತು. ಉಗುರಿನ ಚೂರಿನಂಥ ಎಳೆ ಚಂದ್ರ. ಅಮಾವಾಸ್ಯೆ ಕಳೆದು ಎರಡು ದಿನಕ್ಕೆ, ಸೂರ್ಯ ಮುಳುಗಿದ ಕಡೆಯೇ, ಎಷ್ಟು ತೆಳ್ಳಗೆ ಇರಬೇಕೋ ಅಷ್ಟೇ ತೆಳ್ಳಗೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರೆ 36 ಪಿಕ್ಸೆಲ್‌ಗೆ ಹತ್ತಿರ ಬಂತು. ದೊಡ್ಡದನ್ನು ಅಂಟಿಸುವ ಮೊದಲು ಅವರು ಅಳಿಸಿಹಾಕಿದ್ದು ಅದನ್ನೇ.