ಮುದ್ರಿತ ಪುಟದಲ್ಲಿ ಸ್ಕ್ರೀನ್‌ಶಾಟ್: ಪಿಕ್ಸೆಲ್ ಎಣಿಕೆ, ಮುದ್ರಣ ಸಾಂದ್ರತೆ ಮತ್ತು ಓದಲಾಗುವ ಅಕ್ಷರ

ವರದಿ, ಪ್ರಬಂಧ ಅಥವಾ ಪಠ್ಯಪುಸ್ತಕಕ್ಕೆ ಚಿತ್ರ ಸೇರಿಸುವವರಿಗೆಲ್ಲ "300 ಡಿಪಿಐ ಇರಬೇಕು" ಎಂಬ ಸೂಚನೆ ಸಿಗುತ್ತದೆ. ಈ ಸಂಖ್ಯೆ ಬಂದದ್ದು ಛಾಯಾಚಿತ್ರಗಳ ಮುದ್ರಣದಿಂದ. ಒಳ್ಳೆಯ ಕಾಗದದ ಮೇಲೆ ಛಾಯಾಚಿತ್ರವನ್ನು ಇಂಚಿಗೆ ಸುಮಾರು 150 ಸಾಲು ಚುಕ್ಕಿಗಳಾಗಿ ಒಡೆದು ಅಚ್ಚುಹಾಕುವಾಗ, ಪ್ರತಿ ಸಾಲಿಗೆ ಎರಡು ಪಿಕ್ಸೆಲ್‌ಗಳಷ್ಟು ಮಾಹಿತಿ ಇದ್ದರೆ ಸಾಕೆಂಬ ಲೆಕ್ಕದಿಂದ 300 ರೂಢಿಯಾಯಿತು. ಸ್ಕ್ರೀನ್‌ಶಾಟ್‌ನ ಸ್ವಭಾವ ಬೇರೆ. ಅದರಲ್ಲಿ ಓದುಗರು ಓದಬೇಕಾದ ಅಕ್ಷರಗಳಿರುತ್ತವೆ, ಒಂದೇ ಪಿಕ್ಸೆಲ್ ದಪ್ಪದ ಗೆರೆಗಳಿರುತ್ತವೆ. ಆದ್ದರಿಂದ ಸಾಂದ್ರತೆಯ ಜೊತೆಗೆ, ಮುದ್ರಿತ ಪುಟದಲ್ಲಿ ಆ ಅಕ್ಷರಗಳು ಎಷ್ಟು ದೊಡ್ಡದಾಗಿ ಬೀಳುತ್ತವೆ ಎಂಬುದನ್ನೂ ಲೆಕ್ಕಹಾಕಬೇಕಾಗುತ್ತದೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಚಿತ್ರದ ಕಡತದಲ್ಲಿ 96 ಅಥವಾ 72 ಎಂದು ಬರೆದಿರುವ ಡಿಪಿಐ ಬರೀ ಒಂದು ಚೀಟಿಯಿದ್ದಂತೆ. ಅದನ್ನು 300 ಎಂದು ತಿದ್ದಿದರೆ ಚಿತ್ರಕ್ಕೆ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ. ಪುಟದಲ್ಲಿ ಅಗಲವನ್ನು ನಾವೇ ನಿಗದಿಮಾಡಿದ ಮೇಲೆ ಆ ಚೀಟಿಗೆ ಬೆಲೆಯೇ ಉಳಿಯುವುದಿಲ್ಲ. ನಿಜವಾದ ಸಾಂದ್ರತೆ ತಿಳಿಯಬೇಕಾದರೆ ಚಿತ್ರದ ಅಗಲದ ಪಿಕ್ಸೆಲ್‌ಗಳನ್ನು ಪುಟದಲ್ಲಿ ಅದು ಹಿಡಿಯುವ ಅಗಲದ ಇಂಚುಗಳಿಂದ ಭಾಗಿಸಬೇಕು. ಸೆಂಟಿಮೀಟರ್‌ನಲ್ಲಿ ಅಳೆಯುವವರಿಗೆ ಸೂತ್ರ ಹೀಗಿರುತ್ತದೆ:

```
ppi = px × 2.54 / cm
```

ಈಗ ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಎ4 ಪುಟದ ಅಗಲ 21 ಸೆಂ.ಮೀ.; ಎಡಕ್ಕೆ 3.5, ಬಲಕ್ಕೆ 2.5 ಸೆಂ.ಮೀ. ಅಂಚು ಬಿಟ್ಟರೆ ಬರಹಕ್ಕೆ 15 ಸೆಂ.ಮೀ. ಉಳಿಯುತ್ತದೆ. 1920×1080 ಪಿಕ್ಸೆಲ್‌ಗಳ ಇಡೀ ಪರದೆಯನ್ನು ಸೆರೆಹಿಡಿದು ಆ 15 ಸೆಂ.ಮೀ.ಗೆ ಹೊಂದಿಸಿದರೆ ಇಂಚಿಗೆ 325 ಪಿಕ್ಸೆಲ್ ಬರುತ್ತದೆ. 300ರ ನಿಯಮವನ್ನು ಈ ಚಿತ್ರ ನಿರಾಯಾಸವಾಗಿ ದಾಟಿತು. ಆದರೆ ಅದರೊಳಗಿನ ಅಕ್ಷರಗಳನ್ನು ಅಳೆದು ನೋಡಿ. ವಿಂಡೋಸ್‌ನಲ್ಲಿ ಸ್ಕೇಲ್ 100% ಇದ್ದಾಗ ಮೆನು ಮತ್ತು ಡಯಲಾಗ್ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 9 ಪಾಯಿಂಟ್ ಅಕ್ಷರದ ಅಳತೆ 12 ಪಿಕ್ಸೆಲ್. 325ರ ಸಾಂದ್ರತೆಯಲ್ಲಿ ಅದು ಕಾಗದದ ಮೇಲೆ ಸುಮಾರು 2.7 ಪಾಯಿಂಟ್‌ಗೆ ಇಳಿಯುತ್ತದೆ. ಪುಟದ ಬರಹ 12 ಪಾಯಿಂಟ್‌ನಲ್ಲಿರುವಾಗ ಅದರ ಕಾಲುಭಾಗಕ್ಕಿಂತ ಚಿಕ್ಕದಾದ ಈ ಅಕ್ಷರವನ್ನು ಯಾರೂ ಓದಲಾರರು. ನಿಯಮ ಪಾಲಿಸಿದ ಚಿತ್ರವೇ ಉಪಯೋಗಕ್ಕೆ ಬಾರದೆ ಹೋಗುವುದು ಹೀಗೆ.

ಪರಿಹಾರದ ಮೊದಲ ಹೆಜ್ಜೆ ಬೇಡದ ಭಾಗವನ್ನು ಬಿಡುವುದು. ವಿವರಿಸಬೇಕಾದ ವಿಂಡೋ ಒಂದನ್ನೇ, 800 ಪಿಕ್ಸೆಲ್ ಅಗಲಕ್ಕೆ ಕಿರಿದುಗೊಳಿಸಿ ಸೆರೆಹಿಡಿದರೆ, ಅದೇ 15 ಸೆಂ.ಮೀ.ನಲ್ಲಿ 12 ಪಿಕ್ಸೆಲ್‌ನ ಅಕ್ಷರ ಸುಮಾರು 6.4 ಪಾಯಿಂಟ್ ಆಗುತ್ತದೆ. ಇದು ಚಿಕ್ಕದಾದರೂ ಓದಬಹುದಾದ ಗಾತ್ರ. ಇದಕ್ಕಿಂತ ಕೆಳಗೆ ಇಳಿಯಬಾರದೆಂಬುದು ನನ್ನ ಅಭಿಪ್ರಾಯ. ಆದರೆ ಈಗ ಸಾಂದ್ರತೆ 135ಕ್ಕೆ ಇಳಿಯಿತು. ಅಂದರೆ ಒಂದೊಂದು ಪಿಕ್ಸೆಲ್ ಕಾಗದದ ಮೇಲೆ ಸುಮಾರು 0.19 ಮಿ.ಮೀ.ನ ಚೌಕವಾಗಿ ಬೀಳುತ್ತದೆ ಮತ್ತು ಅಕ್ಷರದ ಬಾಗುಗಳಲ್ಲಿ ಮೆಟ್ಟಿಲುಗಳು ಕಾಣಿಸಿಕೊಳ್ಳುತ್ತವೆ. ಕನ್ನಡ ಅಕ್ಷರಗಳಿಗೆ ಇದರ ಪೆಟ್ಟು ಹೆಚ್ಚು. 12 ಪಿಕ್ಸೆಲ್‌ನಲ್ಲಿ ಮೂಡಿದ ಪದವೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಒತ್ತಕ್ಷರಕ್ಕೆ ದಕ್ಕಿರುವುದು ಕೆಲವೇ ಪಿಕ್ಸೆಲ್‌ಗಳ ಎತ್ತರವೆಂಬುದು ತಿಳಿಯುತ್ತದೆ; ಅಷ್ಟರಲ್ಲಿ ಅದು ತ ಒತ್ತೋ ನ ಒತ್ತೋ ಎಂದು ಹೇಳುವುದು ಕಷ್ಟ.

ಇಲ್ಲಿ ಹಲವರು ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ 800 ಪಿಕ್ಸೆಲ್‌ಗಳನ್ನು 1800ಕ್ಕೆ ಹಿಗ್ಗಿಸಿ 300 ತಲುಪಿದೆವೆಂದು ಭಾವಿಸುತ್ತಾರೆ. ಹಿಗ್ಗಿಸಿದಾಗ ಹೊಸ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದವುಗಳ ಸರಾಸರಿಯಿಂದ ತುಂಬಲಾಗುತ್ತದೆ. ಆದ್ದರಿಂದ ಮೆಟ್ಟಿಲುಗಳ ಜಾಗಕ್ಕೆ ಮಸುಕು ಬರುತ್ತದೆಯೇ ಹೊರತು, ಮೊದಲೇ ಮೂಡದಿದ್ದ ಒತ್ತಕ್ಷರ ಮರಳಿ ಬರುವುದಿಲ್ಲ. ಮಾಡಬೇಕಾದದ್ದು ಸೆರೆಹಿಡಿಯುವ ಮೊದಲೇ ಪರದೆಯನ್ನು ಹೆಚ್ಚು ಪಿಕ್ಸೆಲ್‌ಗಳಲ್ಲಿ ಬರೆಸಿಕೊಳ್ಳುವ ಕೆಲಸ. ವಿಂಡೋಸ್‌ನ `Settings > System > Display` ಪುಟದಲ್ಲಿ `Scale` ಅನ್ನು 200% ಮಾಡಿದರೆ, 800 ಪಿಕ್ಸೆಲ್ ಅಗಲವಿದ್ದ ವಿಂಡೋದ ಅದೇ ವಿನ್ಯಾಸ 1600 ಪಿಕ್ಸೆಲ್‌ಗಳಲ್ಲಿ ಹೊಸದಾಗಿ ಮೂಡುತ್ತದೆ. ಅಕ್ಷರ 24 ಪಿಕ್ಸೆಲ್ ಆಗುತ್ತದೆ. ಅದನ್ನು 15 ಸೆಂ.ಮೀ.ಗೆ ಹೊಂದಿಸಿದಾಗ ಅಕ್ಷರ ಮೊದಲಿನಂತೆ 6.4 ಪಾಯಿಂಟ್‌ನಲ್ಲೇ ಉಳಿಯುತ್ತದೆ, ಸಾಂದ್ರತೆ ಮಾತ್ರ 271ಕ್ಕೆ ಏರುತ್ತದೆ, ಒತ್ತಕ್ಷರಕ್ಕೂ ಎರಡುಪಟ್ಟು ಎತ್ತರ ಸಿಗುತ್ತದೆ. 300 ಮುಟ್ಟಲಿಲ್ಲವೆಂದು ಇದನ್ನು ತಿರಸ್ಕರಿಸುವ ಕಾರಣ ನನಗೆ ಕಾಣುವುದಿಲ್ಲ. 1920 ಪಿಕ್ಸೆಲ್‌ನ ಸಾಧಾರಣ ಪರದೆಯಲ್ಲೇ ಇದು ಹಿಡಿಯುತ್ತದೆ, ಎತ್ತರ 1080 ಮೀರದಂತೆ ವಿಂಡೋವನ್ನು ಹೊಂದಿಸಿಕೊಂಡರೆ ಸಾಕು.

ಜಾಲಪುಟವನ್ನು ಸೆರೆಹಿಡಿಯುವುದಾದರೆ ಪರದೆಯ ಸ್ಕೇಲ್ ಮುಟ್ಟಬೇಕಾಗಿಲ್ಲ. ಫೈರ್‌ಫಾಕ್ಸ್‌ನ ವೆಬ್ ಕನ್ಸೋಲ್‌ನಲ್ಲಿ ಈ ಆಜ್ಞೆ ಕೊಟ್ಟರೆ ಎರಡುಪಟ್ಟು ಪಿಕ್ಸೆಲ್‌ಗಳ ಚಿತ್ರ ಸಿಗುತ್ತದೆ:

```
:screenshot --dpr 2
```

ಈ ಉಪಾಯಕ್ಕೂ ಮಿತಿಯಿದೆ. ಹೆಚ್ಚಿನ ಸ್ಕೇಲ್‌ಗೆ ಹೊಂದಿಕೊಳ್ಳುವಂತೆ ಬರೆಯದ ಹಳೆಯ ತಂತ್ರಾಂಶಗಳನ್ನು ವಿಂಡೋಸ್ ಚಿಕ್ಕದಾಗಿಯೇ ಬರೆಸಿ ಆಮೇಲೆ ಹಿಗ್ಗಿಸಿ ತೋರಿಸುತ್ತದೆ. ಪರದೆಯ ಮೇಲೇ ಅಕ್ಷರಗಳು ಮಸುಕಾಗಿ ಕಂಡರೆ ಇದೇ ನಡೆದಿದೆ ಎಂದು ತಿಳಿಯಬಹುದು. ಅಂಥವನ್ನು 100%ನಲ್ಲೇ ಸೆರೆಹಿಡಿದು, ಹಿಗ್ಗಿಸುವುದಿದ್ದರೆ ಸರಾಸರಿ ತೆಗೆಯದ ವಿಧಾನದಲ್ಲಿ, ಸರಿಯಾಗಿ ಎರಡು ಅಥವಾ ಮೂರು ಪಟ್ಟು ಹಿಗ್ಗಿಸಬೇಕು. ಆ ವಿಧಾನಕ್ಕೆ ತಂತ್ರಾಂಶಗಳಲ್ಲಿ `Nearest Neighbor` ಎಂಬ ಹೆಸರಿರುತ್ತದೆ. ಒಂದೂವರೆ ಪಟ್ಟು ಮಾಡಿದರೆ ಕೆಲವು ಗೆರೆಗಳು ಒಂದು ಪಿಕ್ಸೆಲ್, ಕೆಲವು ಎರಡು ಪಿಕ್ಸೆಲ್ ದಪ್ಪವಾಗಿ ಅಕ್ಷರಗಳು ಕುಂಟುತ್ತವೆ.

ಒಂದು ವರದಿಯಲ್ಲಿ ಇಂಥ ಚಿತ್ರಗಳು ಹಲವಿದ್ದಾಗ, ಪ್ರತಿಯೊಂದನ್ನೂ ಪುಟದ ಪೂರ್ಣ ಅಗಲಕ್ಕೆ ಎಳೆಯುವ ಅಭ್ಯಾಸವನ್ನು ಬಿಡಬೇಕು. ಹಾಗೆ ಎಳೆದರೆ ಒಂದು ಪುಟದಲ್ಲಿ 6 ಪಾಯಿಂಟ್ ಇದ್ದ ಬಟನ್‌ನ ಅಕ್ಷರ ಮುಂದಿನ ಪುಟದಲ್ಲಿ 13 ಪಾಯಿಂಟ್ ಆಗಿ, ಪುಟದ ಬರಹಕ್ಕಿಂತಲೂ ದೊಡ್ಡದಾಗಿ ಕುಳಿತಿರುತ್ತದೆ. ಎಲ್ಲವನ್ನೂ 200%ನಲ್ಲಿ ಸೆರೆಹಿಡಿದು, ಎಲ್ಲಕ್ಕೂ 270 ಎಂಬ ಒಂದೇ ಸಾಂದ್ರತೆಯನ್ನು ಇಟ್ಟುಕೊಂಡು ಅಗಲವನ್ನು ಲೆಕ್ಕಹಾಕುವುದು ಉತ್ತಮ. 760 ಪಿಕ್ಸೆಲ್‌ನ ಡಯಲಾಗ್ ಬಾಕ್ಸ್‌ಗೆ ಆಗ ಸುಮಾರು 7.1 ಸೆಂ.ಮೀ. ಬರುತ್ತದೆ, ಅದು ಪುಟದ ನಡುವೆ ಚಿಕ್ಕದಾಗಿ ನಿಂತರೂ ಅದರ ಅಕ್ಷರಗಳು ಉಳಿದ ಚಿತ್ರಗಳ ಅಕ್ಷರಗಳಿಗೆ ಸಮನಾಗಿರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಕೊನೆಯ ಗಳಿಗೆಯಲ್ಲಿ ಪಿಕ್ಸೆಲ್‌ಗಳು ಕಳೆದುಹೋಗುವುದುಂಟು. ನನ್ನದೇ ವರದಿಯೊಂದರಲ್ಲಿ ಚಿತ್ರಗಳೆಲ್ಲ ಮಸುಕಾಗಿ ಮುದ್ರಣವಾದಾಗ ನಾನು ಬಹಳ ಹೊತ್ತು ಮುದ್ರಕವನ್ನೇ ಪರೀಕ್ಷಿಸಿದೆ. ಕಾರಣ ಇದ್ದದ್ದು ಕಡತ ಉಳಿಸುವ ಹಂತದಲ್ಲಿ. ವರ್ಡ್‌ನಲ್ಲಿ ಕಡತ ಉಳಿಸುವಾಗ ಚಿತ್ರಗಳನ್ನು ಕುಗ್ಗಿಸುವ ವ್ಯವಸ್ಥೆ ಇದೆ; ಅದನ್ನು ತಡೆಯಲು `File > Options > Advanced` ಒಳಗಿನ `Do not compress images in file` ಎಂಬುದನ್ನು, ಚಿತ್ರ ಸೇರಿಸುವ ಮೊದಲೇ, ಗುರುತುಹಾಕಿರಬೇಕು. ಲಿಬ್ರೆಆಫೀಸ್‌ನಲ್ಲಿ ಪಿಡಿಎಫ್ ಮಾಡುವಾಗ `Lossless compression` ಆರಿಸಬೇಕು. ಜೆಪೆಗ್ ಆಗಿ ಕುಗ್ಗಿದರೆ ಅಕ್ಷರಗಳ ಸುತ್ತ ಕೊಳೆ ಹಿಡಿದಂತೆ ಬೂದು ಕಲೆಗಳು ಏಳುತ್ತವೆ. ಅದೇ ಕಾರಣಕ್ಕೆ ಮೂಲ ಚಿತ್ರಗಳೂ ಪಿಎನ್‌ಜಿ ಆಗಿರಬೇಕು.

ಮುದ್ರಣಕ್ಕೆ ಕಳಿಸುವ ಮುನ್ನ ಪಿಡಿಎಫ್‌ನೊಳಗೆ ನಿಜವಾಗಿ ಏನು ಉಳಿದಿದೆ ಎಂಬುದನ್ನು ಪಾಪ್ಲರ್ ಸಲಕರಣೆಗಳ ಈ ಆಜ್ಞೆಯಿಂದ ನೋಡಬಹುದು:

```
pdfimages -list report.pdf
```

ಪ್ರತಿ ಚಿತ್ರಕ್ಕೆ ಒಂದು ಸಾಲು ಬರುತ್ತದೆ. `width` ಎಂಬಲ್ಲಿ ನೀವು ಸೆರೆಹಿಡಿದ 1600 ಹಾಗೆಯೇ ಇರಬೇಕು, `x-ppi` ಎಂಬಲ್ಲಿ 271 ಇರಬೇಕು, `enc` ಎಂಬಲ್ಲಿ `jpeg` ಎಂದು ಇರಬಾರದು. ಅಗಲ 1600ರ ಬದಲು ಕಡಿಮೆ ಕಂಡರೆ ದಾರಿಯಲ್ಲಿ ಯಾವುದೋ ತಂತ್ರಾಂಶ ಚಿತ್ರವನ್ನು ಕುಗ್ಗಿಸಿದೆ ಎಂದರ್ಥ; ಅಗಲ ಸರಿಯಿದ್ದು ಸಾಂದ್ರತೆ ಮಾತ್ರ ಬೇರೆಯಿದ್ದರೆ ಪುಟದಲ್ಲಿ ಚಿತ್ರದ ಗಾತ್ರ ಎಳೆದಾಡಿ ಬದಲಾಗಿದೆ, ಅದನ್ನು 15 ಸೆಂ.ಮೀ.ಗೆ ಮರಳಿ ಹೊಂದಿಸಬೇಕು.