ಒಮ್ಮತ ಶೇ. 94, ಕಪ್ಪಾ ಮಾತ್ರ 0.37: ಪ್ರಬಂಧದಲ್ಲಿ ಯಾವುದನ್ನು ಬರೆಯಲಿ?

ಪ್ರಶ್ನೆ: ನಾನು ಪುಣೆಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿಯುತ್ತಲೇ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹಿರಿಯರನ್ನು ಸಂದರ್ಶಿಸಿದ್ದೇನೆ. ನಾನೂ ನನ್ನ ಗೆಳತಿಯೂ ಸಂದರ್ಶನಗಳ 200 ತುಣುಕುಗಳನ್ನು ಬೇರೆಬೇರೆ ಕೂತು ಕೋಡ್ ಮಾಡಿದೆವು, ಅಂದರೆ ಯಾವ ತುಣುಕಿನಲ್ಲಿ ಯಾವ ವಿಷಯ ಇದೆ ಎಂದು ಗುರುತು ಹಾಕಿದೆವು. ‘ಜಾತಿ ತಾರತಮ್ಯ’ ಅನ್ನುವ ಕೋಡ್‌ಗೆ ಶೇ. 94 ಒಮ್ಮತ ಬಂತು, ಆದರೆ ಕಪ್ಪಾ ಬರೀ 0.37. ಗೈಡ್ ಕನಿಷ್ಠ 0.6 ಬೇಕು ಅನ್ನುತ್ತಾರೆ. ಸೀನಿಯರ್ ಒಬ್ಬರು ‘ಅದು ಕಪ್ಪಾದ್ದೇ ದೋಷ, ಬೇರೆ ಸೂಚ್ಯಂಕ ಹಾಕಿದರೆ 0.88 ಬರುತ್ತದೆ’ ಅಂದರು. ಯಾವುದನ್ನು ಬರೆಯಲಿ ಸರ್?

ಉತ್ತರ: ಮೊದಲು ನೀವು ಕಳಿಸಿದ ಲೆಕ್ಕವನ್ನೇ ಬಿಡಿಸೋಣ. ಇಬ್ಬರೂ ‘ಇದೆ’ ಅಂದದ್ದು 4 ತುಣುಕುಗಳಲ್ಲಿ. ನೀವು ‘ಇದೆ’, ಗೆಳತಿ ‘ಇಲ್ಲ’ ಅಂದದ್ದು 6. ಅವರು ‘ಇದೆ’, ನೀವು ‘ಇಲ್ಲ’ ಅಂದದ್ದು ಇನ್ನೊಂದು 6. ಉಳಿದ 184ರಲ್ಲಿ ಇಬ್ಬರೂ ‘ಇಲ್ಲ’. ಹೊಂದಿಕೆಯಾದದ್ದು 188, ಅಂದರೆ ಶೇ. 94. ಇದರಲ್ಲಿ ಸುಳ್ಳೇನೂ ಇಲ್ಲ.

ಕಪ್ಪಾ ಸೂಚ್ಯಂಕವನ್ನು ಕೊಟ್ಟ ಜೇಕಬ್ ಕೋಹೆನ್ 1960ರಲ್ಲಿ ಕೇಳಿದ ಪ್ರಶ್ನೆ ಬೇರೆ: ಇದರಲ್ಲಿ ಎಷ್ಟು ಒಮ್ಮತ ಆಕಸ್ಮಿಕವಾಗಿಯೇ ಬರುತ್ತಿತ್ತು? ನಿಮ್ಮಿಬ್ಬರಲ್ಲಿ ಒಬ್ಬೊಬ್ಬರೂ 200ರಲ್ಲಿ 10ಕ್ಕೆ, ಅಂದರೆ ನೂರಕ್ಕೆ ಐದರಷ್ಟಕ್ಕೆ ‘ಇದೆ’ ಅಂದಿದ್ದೀರಿ. ತುಣುಕು ಓದದೆಯೇ ಈ ಪ್ರಮಾಣದಲ್ಲಿ ಗುರುತು ಹಾಕುತ್ತ ಹೋಗಿದ್ದರೂ ಇಬ್ಬರದೂ ‘ಇದೆ’ ಆಗುವ ಸಾಧ್ಯತೆ 0.05 × 0.05, ಇಬ್ಬರದೂ ‘ಇಲ್ಲ’ ಆಗುವುದು 0.95 × 0.95. ಕೂಡಿದರೆ 0.905. ಆಕಸ್ಮಿಕದಿಂದಲೇ ಶೇ. 90 ದಾಟುತ್ತದೆ. ಅದರ ಮೇಲೆ ಗಳಿಸಲು ಉಳಿದಿದ್ದ 0.095ರಲ್ಲಿ ನೀವು ಗಳಿಸಿದ್ದು 0.035. ಕೆಳಗಿನ ಸೂತ್ರದಲ್ಲಿ Po ಅಂದರೆ ಕಂಡ ಒಮ್ಮತ, Pe ಅಂದರೆ ಆಕಸ್ಮಿಕ ಒಮ್ಮತ.

```
kappa = (Po - Pe) / (1 - Pe)
      = (0.94 - 0.905) / (1 - 0.905) = 0.37
```

ಈಗ ಇನ್ನೊಂದು ಕೋಡ್ ಊಹಿಸಿಕೊಳ್ಳಿ: ‘ಊರಿನ ನೆನಪು’. 94ರಲ್ಲಿ ಇಬ್ಬರೂ ‘ಇದೆ’, 94ರಲ್ಲಿ ಇಬ್ಬರೂ ‘ಇಲ್ಲ’, ಜಗಳ ಅದೇ 12ರಲ್ಲಿ. ಒಮ್ಮತ ಮತ್ತೆ ಶೇ. 94. ಆದರೆ ಇಲ್ಲಿ ಆಕಸ್ಮಿಕ ಒಮ್ಮತ 0.5 ಮಾತ್ರ, ಹಾಗಾಗಿ ಕಪ್ಪಾ 0.88. ಜಗಳದ ಸಂಖ್ಯೆ ಒಂದೇ, ಕಪ್ಪಾ ಎಲ್ಲಿಂದೆಲ್ಲಿಗೆ! ಅಪರೂಪದ ಕೋಡ್‌ಗಳಲ್ಲಿ ಕಪ್ಪಾ ಹೀಗೆ ಕುಸಿಯುವುದನ್ನು ಫೈನ್‌ಸ್ಟೀನ್ ಮತ್ತು ಚಿಕೆಟ್ಟಿ 1990ರಲ್ಲಿ ವಿರೋಧಾಭಾಸ ಎಂದೇ ಕರೆದರು. ನಿಮ್ಮ ಸೀನಿಯರ್ ಹಿಡಿದಿರುವುದು ಈ ಎಳೆಯನ್ನು. ಅವರು ಹೇಳುವ 0.88 ಬರುವುದು ಆಕಸ್ಮಿಕ ಒಮ್ಮತವನ್ನು ಸದಾ 0.5 ಎಂದೇ ಹಿಡಿಯುವ ಸೂಚ್ಯಂಕದಿಂದ. ಶೇಕಡಾವನ್ನು ಎರಡರಿಂದ ಗುಣಿಸಿ ಒಂದು ಕಳೆದರೆ ಮುಗಿಯಿತು, ಹೊಸ ಮಾಹಿತಿ ಏನೂ ಸೇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ವಿಷಯದಲ್ಲಿ ಕಪ್ಪಾ ಹೇಳುತ್ತಿರುವುದು ನಿಜ. ‘ಇಲ್ಲ’ಗಳನ್ನೆಲ್ಲ ಪಕ್ಕಕ್ಕಿಟ್ಟು ನೋಡಿ. ನಿಮ್ಮಲ್ಲಿ ಒಬ್ಬರಾದರೂ ಜಾತಿ ತಾರತಮ್ಯ ಕಂಡ ತುಣುಕುಗಳು 16, ಇಬ್ಬರೂ ಕಂಡದ್ದು 4. ‘ಇದೆ’ ಅನ್ನುವುದರ ಮೇಲಿನ ಒಮ್ಮತವನ್ನು ಬೇರೆಯಾಗಿ ಲೆಕ್ಕ ಹಾಕುವ ಕ್ರಮವಿದೆ: 4ರ ಎರಡರಷ್ಟನ್ನು, ಅದೇ ಎರಡರಷ್ಟಕ್ಕೆ ಜಗಳದ 12 ಕೂಡಿಸಿ ಭಾಗಿಸಬೇಕು. 8/20, ಅಂದರೆ 0.40. ‘ಇಲ್ಲ’ದ ಮೇಲಿನ ಒಮ್ಮತ ಹೀಗೆಯೇ 0.97. ಪ್ರಬಂಧದಲ್ಲಿ ನೀವು ಅಧ್ಯಾಯ ಕಟ್ಟುವುದು ‘ಇದೆ’ ಅಂದ ತುಣುಕುಗಳ ಮೇಲೆ ತಾನೆ? ಹಾಗಾದರೆ 0.88 ಹಾಕುವುದು ಓದುಗರ ಕಣ್ಣಿಗೆ ಮಣ್ಣೆರಚಿದ ಹಾಗೆ.

ಆ 12 ತುಣುಕುಗಳನ್ನು ತೆಗೆದು ಓದುವುದೇ ಇನ್ನು ಉಳಿದ ಕೆಲಸ. ನೀವು ಕಳಿಸಿದ ಒಂದು ತುಣುಕು ಇದು: ‘ನಾನು ಕ್ಲೀನರ್ ಆಗಿಯೇ ಇದ್ದೆ. ಒಲೆ ಹತ್ರ ನಮ್ಮನ್ನ ಬಿಡ್ತಾ ಇರ್ಲಿಲ್ಲ. ಭಟ್ರು ಎಲೆ ಹಾಕಿ ಕೂತ್ರೆ ನಾವು ಆಚೆ.’ ಗೆಳತಿ ಇದಕ್ಕೆ ಜಾತಿ ತಾರತಮ್ಯ ಎಂದು ಹಾಕಿದ್ದಾರೆ. ನೀವು ‘ಕೆಲಸದ ಶ್ರೇಣಿ’ ಎಂದು ಹಾಕಿದ್ದೀರಿ: ಕ್ಲೀನರ್, ಸಪ್ಲೈಯರ್, ಭಟ್ಟರು, ಗಲ್ಲಾ ಅನ್ನುವ ಮೆಟ್ಟಿಲು. ಇಬ್ಬರದೂ ಅಜಾಗರೂಕತೆಯಲ್ಲ. ಜಾತಿಯ ಹೆಸರೆತ್ತದೆ ಜಾತಿಯನ್ನು ಹೇಳುವ ಮಾತಿಗೆ ಏನು ಮಾಡಬೇಕು ಎಂದು ಕೋಡ್ ಹಾಕುವ ನಿಯಮಗಳಿರುವ ನಿಮ್ಮ ಕೋಡ್‌ಬುಕ್ ತೀರ್ಮಾನಿಸಿಲ್ಲ, ಅಷ್ಟೆ. ಅಡುಗೆಮನೆ, ಊಟದ ಸಾಲು, ನೀರು ಇವುಗಳಿಂದ ದೂರ ಇಟ್ಟದ್ದನ್ನು ಹೇಳಿದರೆ, ಕಾರಣ ಹೇಳದಿದ್ದರೂ, ಎರಡೂ ಕೋಡ್ ಹಾಕತಕ್ಕದ್ದು ಎಂಬಂಥ ಒಂದು ನಿಯಮ ಬರೆದುಕೊಳ್ಳಿ. ಆಮೇಲೆ ಹೊಸ ತುಣುಕುಗಳ ಮೇಲೆ, ಮತ್ತೆ ಬೇರೆಬೇರೆ ಕೂತು, ಎರಡನೇ ಸುತ್ತು ಮಾಡಿ. ಚರ್ಚೆ ಮಾಡಿ ಸರಿಪಡಿಸಿದ ಅದೇ 200ರ ಮೇಲೆ ಕಪ್ಪಾ ತೆಗೆದರೆ ಅದು ನಿಮ್ಮ ಚರ್ಚೆಯ ಅಂಕ, ಕೋಡ್‌ಬುಕ್‌ನದಲ್ಲ.

ಎರಡನೇ ಸುತ್ತಿಗೆ ತುಣುಕು ಹೇಗೆ ಆರಿಸಿದಿರಿ ಎಂಬುದನ್ನೂ ಬರೆಯಲೇಬೇಕು. ‘ಒಲೆ’, ‘ಪಂಕ್ತಿ’ ಎಂದು ಹುಡುಕಿ ತೆಗೆದ ತುಣುಕುಗಳನ್ನು ಹೆಚ್ಚು ಸೇರಿಸಿದರೆ ‘ಇದೆ’ಗಳು ಸಾಕಷ್ಟು ಸಿಗುತ್ತವೆ, ಒಳ್ಳೆಯದೇ. ಆದರೆ ಕೋಡ್ ಅಪರೂಪವಲ್ಲದೆ ಹೋಗುವುದರಿಂದಲೇ ಕಪ್ಪಾ ಮೇಲೇರಬಹುದು, ಅದನ್ನು ಮೊದಲ ಸುತ್ತಿನ 0.37ರ ಪಕ್ಕದಲ್ಲಿಟ್ಟು ‘ಸುಧಾರಿಸಿತು’ ಅನ್ನಲಾಗದು. ಹೋಲಿಸಬೇಕಿದ್ದರೆ ‘ಇದೆ’ ಮೇಲಿನ ಒಮ್ಮತವನ್ನೂ ಜೊತೆಗಿಡಿ, ಅದೂ ಎಚ್ಚರದಿಂದ.

ಅಂದಹಾಗೆ ಇಬ್ಬರೂ ‘ಇಲ್ಲ’ ಅಂದ ಆ 184 ಎಲ್ಲಿಂದ ಬಂತು? ನೀವು ಸಂದರ್ಶನವನ್ನು ಪ್ರಶ್ನೋತ್ತರವಾಗಿ ಕತ್ತರಿಸಿದ್ದಕ್ಕೆ. ವಾಕ್ಯವಾಕ್ಯವಾಗಿ ಕತ್ತರಿಸಿದ್ದರೆ ಅದೇ ಸಂದರ್ಶನಗಳಲ್ಲಿ ಅದು ಸಾವಿರ ದಾಟಬಹುದಿತ್ತು. ಶೇಕಡಾ ಒಮ್ಮತ ತಂತಾನೇ ಏರುತ್ತಿತ್ತು, ಕಪ್ಪಾ ಕೂಡ ಅಲುಗಾಡುತ್ತಿತ್ತು. ಹಾಗಾಗಿ ಕೋಡ್ ಮಾಡುವ ಮೊದಲೇ ತುಣುಕಿನ ಗಡಿ ಗೊತ್ತುಮಾಡಿ, ಇಬ್ಬರಿಗೂ ಅದೇ ಗಡಿ ಕೊಡಿ. ಸಂದರ್ಶನದ ಬದಲು ಚಿತ್ರಗಳನ್ನು ಕೋಡ್ ಮಾಡುವವರಿಗೆ ಈ ತಾಪತ್ರಯ ಕಡಿಮೆ, ಒಂದು ಫೋಟೋ ಒಂದು ತುಣುಕು. ಆದರೆ ಮಾಟುಂಗಾದ ಒಂದೇ ಹೋಟೆಲಿನ ಬೋರ್ಡನ್ನು ನಾಲ್ಕು ಕಡೆಯಿಂದ ತೆಗೆದ ಫೋಟೋಗಳನ್ನು ನಾಲ್ಕು ಎಂದು ಎಣಿಸಿದರೆ ಇಲ್ಲದ ಭರವಸೆ ಹುಟ್ಟಿಕೊಳ್ಳುತ್ತದೆ.

ಗೈಡ್ ಹೇಳಿದ 0.6 ಎಲ್ಲಿಯದು ಅಂದರೆ, ಲ್ಯಾಂಡಿಸ್ ಮತ್ತು ಕಾಚ್ 1977ರಲ್ಲಿ ಕೊಟ್ಟ ಪಟ್ಟಿಯಲ್ಲಿ 0.61ರಿಂದ 0.80 ‘ಗಣನೀಯ’. ಆ ವಿಭಜನೆ ಮನಸ್ಸಿಗೆ ಬಂದಂತೆ ಮಾಡಿದ್ದೆಂದು ಅವರೇ ಅದೇ ಲೇಖನದಲ್ಲಿ ಒಪ್ಪಿದ್ದಾರೆ. ಗೈಡ್ ಜೊತೆ ವಾದಕ್ಕಿಳಿಯುವ ಬದಲು ವಿಶ್ವಾಸಾಂತರ, ಅಂದರೆ ನಿಜವಾದ ಕಪ್ಪಾ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಅಂದಾಜು, ತೋರಿಸಿ. ನಿಮ್ಮ 0.37ಕ್ಕೆ ಶೇ. 95ರ ಅಂತರ ಸ್ಥೂಲವಾಗಿ 0.02ರಿಂದ 0.71ರವರೆಗೆ ಹರಡುತ್ತದೆ. ‘ಇದೆ’ಗಳು ಇಷ್ಟು ಕಡಿಮೆ ಇದ್ದಾಗ 0.6ರ ಗೆರೆ ದಾಟಿತೋ ಇಲ್ಲವೋ ಎಂದು ಹೇಳುವ ಶಕ್ತಿಯೇ ಈ ಮಾಹಿತಿಗಿಲ್ಲ.

ಕೊನೆಗೆ, ಪ್ರಬಂಧದಲ್ಲಿ ಪ್ರತಿ ಕೋಡ್‌ಗೂ ಇಲ್ಲಿನ 4, 6, 6, 184ರಂಥ ನಾಲ್ಕು ಸಂಖ್ಯೆಗಳನ್ನು ಕೊಡಿ. ಎಲ್ಲ ಕೋಡ್‌ಗಳ ಸರಾಸರಿ ಕಪ್ಪಾ ಒಂದನ್ನೇ ಕೊಟ್ಟರೆ ‘ಊರಿನ ನೆನಪು’ ತನ್ನ ನೆರಳಲ್ಲಿ ‘ಜಾತಿ ತಾರತಮ್ಯ’ವನ್ನು ಮುಚ್ಚಿಬಿಡುತ್ತದೆ. ವಾಕ್ಯ ಹೀಗಿರಬಹುದು: ‘ಚರ್ಚೆಗೆ ಮುನ್ನ ಇಬ್ಬರು ಸ್ವತಂತ್ರವಾಗಿ 200 ಪ್ರಶ್ನೋತ್ತರ ತುಣುಕುಗಳನ್ನು ಕೋಡ್ ಮಾಡಿದರು. ಈ ಕೋಡ್‌ಗೆ ಒಮ್ಮತ ಶೇ. 94, ಕೋಹೆನ್ ಕಪ್ಪಾ 0.37 (0.02–0.71), ‘ಇದೆ’ ಮೇಲಿನ ಒಮ್ಮತ 0.40. ಭಿನ್ನಮತದ ತುಣುಕುಗಳನ್ನು ಚರ್ಚಿಸಿ ನಿಯಮ ಬದಲಿಸಲಾಯಿತು.’ ನೀವಿಬ್ಬರೂ ಕರಾವಳಿಯವರು ಎಂದು ಪತ್ರದಲ್ಲಿ ಬರೆದಿದ್ದೀರಿ, ಅದನ್ನೂ ಅಲ್ಲೇ ಸೇರಿಸಿ. ಇಬ್ಬರಿಗೂ ಒಂದೇ ಮಾತು ಒಂದೇ ರೀತಿ ಕಿವಿ ತಪ್ಪಿದ್ದರೆ ಅದು ಆ 184ರೊಳಗೇ ಕೂತಿರುತ್ತದೆ, ಯಾವ ಕಪ್ಪಾಕ್ಕೂ ಕಾಣುವುದಿಲ್ಲ. ಸಾಧ್ಯವಿದ್ದರೆ ಉತ್ತರ ಕರ್ನಾಟಕದವರೊಬ್ಬರ ಕೈಗೆ ಆ 184ರಲ್ಲಿ ಒಂದಷ್ಟನ್ನು ಕೊಟ್ಟು ಓದಿಸಿ.