ಉಪ್ಪಿನ ಹರಳಿನ ಚಿತ್ರದಲ್ಲಿ 27 ಗುಂಡು, ಲೆಕ್ಕಕ್ಕೆ ಎಂಟೇ

ಒಂದರ ಪಕ್ಕ ಒಂದಿಟ್ಟರೆ ಇಡೀ ಹರಳಾಗುವ ಚಿಕ್ಕ ಪೆಟ್ಟಿಗೆಯೇ ಯೂನಿಟ್ ಸೆಲ್. ಅಡುಗೆ ಉಪ್ಪಿನ ಯೂನಿಟ್ ಸೆಲ್ ಚಿತ್ರವನ್ನು ಯಾವ ಪುಸ್ತಕದಲ್ಲಾದರೂ ತೆರೆದು, ಪರಮಾಣುಗಳನ್ನು ತೋರಿಸುವ ಗುಂಡುಗಳನ್ನು ಎಣಿಸಿ ನೋಡಿ. ಕ್ಲೋರಿನ್ನಿನವು 14, ಸೋಡಿಯಂನವು 13, ಒಟ್ಟು 27. ಇದನ್ನೇ ನಂಬಿದರೆ ಉಪ್ಪಿನ ಸೂತ್ರ Na₁₃Cl₁₄ ಆಗಬೇಕು. ಆದರೆ ಎಲ್ಲರಿಗೂ ಗೊತ್ತಿರುವುದು NaCl. ಚಿತ್ರ ತಪ್ಪಲ್ಲ, ಅದರಲ್ಲಿ ಕಾಣುವ ಹೆಚ್ಚಿನ ಗುಂಡುಗಳು ಆ ಒಂದೇ ಪೆಟ್ಟಿಗೆಗೆ ಸೇರಿದವಲ್ಲ. ಯಾವುದು ಎಷ್ಟು ಸೇರುತ್ತದೆ ಎಂಬ ಈ ಪ್ರಶ್ನೆ ಹುಟ್ಟಿದ್ದು ಹರಳನ್ನು ಚಿತ್ರಿಸುವ ರೀತಿ ಬದಲಾದಾಗ.

18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ರೆನೆ ಜುಸ್ತ್ ಅವೀ ಹರಳನ್ನು ಇಟ್ಟಿಗೆ ಗೋಡೆಯಂತೆ ಕಂಡ. ಕ್ಯಾಲ್ಸೈಟ್ ಹರಳನ್ನು ಎಷ್ಟು ಒಡೆದರೂ ಅದೇ ಓರೆ ಆಕಾರದ ಚೂರುಗಳು ಬರುತ್ತವೆ. ಹಾಗಾದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಇಟ್ಟಿಗೆಗಳಿಂದ ಹರಳು ಕಟ್ಟಿರಬೇಕು ಎಂಬುದು ಅವನ ವಾದ. ಈ ಚಿತ್ರದಲ್ಲಿ ಹಂಚಿಕೆಯ ತೊಡಕಿಲ್ಲ, ಇಟ್ಟಿಗೆ ಇಡೀ ತನ್ನದೇ. 1848ರಲ್ಲಿ ಆಗುಸ್ಟ್ ಬ್ರಾವೆ ಇಟ್ಟಿಗೆಗಳನ್ನು ಬಿಟ್ಟು ಬರೀ ಬಿಂದುಗಳ ಜಾಲವನ್ನು ತೆಗೆದುಕೊಂಡು, ಅಂಥ ಜಾಲಕಗಳು 14 ಬಗೆ ಮಾತ್ರ ಎಂದು ತೋರಿಸಿದ. ಬಿಂದುಗಳು ಈಗ ಪೆಟ್ಟಿಗೆಯ ಮೂಲೆಗೆ ಬಂದು ಕೂತವು. ಮೂಲೆ ಎಂದರೆ ನೆರೆಯ ಪೆಟ್ಟಿಗೆಗಳಿಗೂ ಮೂಲೆಯೇ. ಅಲ್ಲಿಂದ ಶುರುವಾಯಿತು ಪಾಲಿನ ಲೆಕ್ಕ.

ಉಪ್ಪಿನ ಚಿತ್ರವನ್ನು ಒಟ್ಟಿಗೆ ನೋಡಿದರೆ ಹಿಂದಿನ ಗುಂಡು ಮುಂದಿನದರ ಮರೆಗೆ ಹೋಗಿ ಕಣ್ಣು ತಪ್ಪುತ್ತದೆ. ಅದಕ್ಕೆ ಅಂತಸ್ತು ಅಂತಸ್ತಾಗಿ ಓದುವುದು ಒಳ್ಳೆಯದು. ತಳದ ಅಂತಸ್ತಿನಲ್ಲಿ ಒಂಬತ್ತು ಗುಂಡು: ನಾಲ್ಕು ಮೂಲೆಯಲ್ಲೂ ನಡುವೆಯೂ ಕ್ಲೋರಿನ್, ನಾಲ್ಕು ಅಂಚುಗಳ ಮಧ್ಯದಲ್ಲಿ ಸೋಡಿಯಂ. ನಡು ಅಂತಸ್ತಿನಲ್ಲಿ ಇದು ಅದಲುಬದಲಾಗಿ, ಮೂಲೆ ಮತ್ತು ನಡುವೆ ಐದು ಸೋಡಿಯಂ, ಉಳಿದ ನಾಲ್ಕು ಕ್ಲೋರಿನ್. ಮೇಲಿನದು ತಳದ ನಕಲು. ಹೀಗೆ ಓದಿದ ಮೇಲೆ ಪ್ರತಿ ಗುಂಡಿನ ಜಾಗ ಯಾವುದು ಎಂದು ಗುರುತಿಸಬೇಕು. ಘನದಲ್ಲಿ 8 ಮೂಲೆ, 12 ಅಂಚು, 6 ಮುಖ, ಒಳಗೆ 1 ನಡು. ಕೂಡಿದರೆ 27, ಒಂದೂ ಬಿಟ್ಟುಹೋಗಿಲ್ಲ.

ಪಾಲು ತಿಳಿಯಲು ಒಂದು ನಿಂಬೆಹಣ್ಣು ಸಾಕು. ನಡುವೆ ಒಮ್ಮೆ ಕೊಯ್ದರೆ ಎರಡು ಹೋಳು. ಮುಖದ ಮೇಲಿನ ಗುಂಡು ಹೀಗೆ ಎರಡು ಪೆಟ್ಟಿಗೆಗಳ ನಡುವೆ ಅರ್ಧರ್ಧ ಹಂಚಿಕೆಯಾಗುತ್ತದೆ. ಅಡ್ಡಕ್ಕೆ ಇನ್ನೊಮ್ಮೆ ಕೊಯ್ದರೆ ನಾಲ್ಕು ಹೋಳು. ಅಂಚಿನ ಗುಂಡಿನದು ಈ ಸ್ಥಿತಿ, ಪಾಲು ಕಾಲು. ಮೂರನೆಯ ಸಲ ಉಳಿದ ದಿಕ್ಕಿನಲ್ಲಿ ಕೊಯ್ದರೆ ಎಂಟು ಹೋಳು, ಮೂಲೆಯ ಗುಂಡಿಗೆ ಎಂಟು ಪೆಟ್ಟಿಗೆಗಳ ಒಡೆತನ. ಈಗ ಲೆಕ್ಕ ಸರಳ. ಕ್ಲೋರಿನ್: 8 × 1/8 + 6 × 1/2 = 4. ಸೋಡಿಯಂ: 12 × 1/4 + 1 = 4. ಒಂದು ಪೆಟ್ಟಿಗೆಗೆ ನಾಲ್ಕು NaCl.

ಚೂರುಗಳನ್ನು ಕೂಡಿಸಿ ಇಡೀ ಪರಮಾಣು ಮಾಡುವುದು ಕೆಲವರಿಗೆ ಕಣ್ಕಟ್ಟಿನಂತೆ ಕಾಣಬಹುದು. ಚೂರೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಗುಂಡುಗಳನ್ನು ಇದ್ದಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಮಾತ್ರ ಮೂರೂ ದಿಕ್ಕಿನಲ್ಲಿ ಅಂಚಿನ ಕಾಲು ಭಾಗದಷ್ಟು ಸರಿಸಿ. ಈಗ ಯಾವ ಗುಂಡಿನ ಕೇಂದ್ರವೂ ಗೋಡೆಯ ಮೇಲಿಲ್ಲ. ಪ್ರತಿ ದಿಕ್ಕಿನಲ್ಲಿ ಎರಡು ಸಾಲು ಒಳಗೆ ಉಳಿಯುತ್ತವೆ, 2 × 2 × 2, ಎಂದರೆ ಎಂಟು ಇಡೀ ಗುಂಡು, ನಾಲ್ಕು ನಾಲ್ಕು. ಎಣಿಕೆಗೆ ಬೇಕಾದ್ದು ಕೇಂದ್ರ ಎಲ್ಲಿದೆ ಎಂಬುದಷ್ಟೇ. ಗುಂಡು ದಪ್ಪವಾಗಿ ಬರೆದ ಚಿತ್ರದಲ್ಲಿ ಒಳಗಿನ ಗುಂಡೊಂದರ ಹೊಟ್ಟೆ ಗೋಡೆಯಿಂದ ಆಚೆ ಚಾಚಿದರೂ ಅದು ಪೂರ್ತಿ ಒಂದೇ, ಏಕೆಂದರೆ ಎದುರು ಗೋಡೆಯಿಂದ ಅಷ್ಟೇ ಭಾಗ ಒಳಗೆ ಬಂದಿರುತ್ತದೆ.

ಈ ಎಣಿಕೆಗೆ ತೂಕ ಬಂದಿದ್ದು 1913ರಲ್ಲಿ. ಹಿಂದಿನ ವರ್ಷ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲಾವ ಮತ್ತು ಸಂಗಡಿಗರು ಮ್ಯೂನಿಕ್‌ನಲ್ಲಿ ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ ಚುಕ್ಕಿಗಳ ಚಿತ್ರ ಪಡೆದಿದ್ದರು. ಇಂಗ್ಲೆಂಡಿನಲ್ಲಿ ಬ್ರ್ಯಾಗ್ ತಂದೆ-ಮಗ ಉಪ್ಪಿನ ರಚನೆ ಬಿಡಿಸಿದರು. ಆಗ ಎಕ್ಸ್-ಕಿರಣದ ತರಂಗಾಂತರ ನಿಖರವಾಗಿ ಗೊತ್ತಿರಲಿಲ್ಲ. ಅವರು ಉಲ್ಟಾ ಹೊರಟರು: ಪೆಟ್ಟಿಗೆಯಲ್ಲಿ ನಾಲ್ಕು NaCl ಇದ್ದರೆ, ಉಪ್ಪಿನ ಸಾಂದ್ರತೆ ಗೊತ್ತಿದ್ದರೆ, ಪೆಟ್ಟಿಗೆಯ ಅಂಚು ಎಷ್ಟು? ಆ ಅಂಚಿನಿಂದ ತರಂಗಾಂತರ ಬಂತು. ನಾಲ್ಕರ ಬದಲು ಒಂದು ಎಂದುಕೊಂಡಿದ್ದರೆ ಅಂಚು 5.64 ಆಂಗ್‌ಸ್ಟ್ರಮ್ ಆಗುವ ಬದಲು ಸುಮಾರು 3.55 ಬರುತ್ತಿತ್ತು, ಅಳತೆಗೋಲೇ ಕೆಡುತ್ತಿತ್ತು. (ಒಂದು ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು.)

ನಮ್ಮ ಎಣಿಕೆ ಸರಿಯೇ ಎಂದು ಪರೀಕ್ಷಿಸಲು ಇಂದಿಗೂ ಇದೇ ದಾರಿ, ತಿರುಗಿಸಿ ಹಿಡಿದರಾಯಿತು. NaCl ಮೋಲಾರ್ ರಾಶಿ, ಎಂದರೆ 6.022×10²³ NaCl ಘಟಕಗಳ ತೂಕ, 58.44 ಗ್ರಾಂ.

```
4 × 58.44 / (6.022×10²³ × (5.64×10⁻⁸)³) = 2.16
```

ಪ್ರತಿ ಘನ ಸೆಂಟಿಮೀಟರಿಗೆ 2.16 ಗ್ರಾಂ, ನಿಜವಾದ ಕಲ್ಲುಪ್ಪಿನ ಸಾಂದ್ರತೆಯೂ ಅಷ್ಟೇ. 27 ಗುಂಡನ್ನೂ ಇಡಿಯಾಗಿ ಹಿಡಿದರೆ 7.36 ಬರುತ್ತದೆ, ಉಪ್ಪು ಹೆಚ್ಚುಕಡಿಮೆ ಕಬ್ಬಿಣದಷ್ಟು ತೂಗಬೇಕಾಗುತ್ತದೆ. ಸಾಂದ್ರತೆ ಇಷ್ಟು ಜಿಗಿದರೆ ಪಾಲು ಹಂಚುವುದನ್ನು ಮರೆತಿದ್ದೇವೆ ಎಂದೇ ಅರ್ಥ.

ಸಾಂದ್ರತೆಯ ಬಲೆಗೂ ಬೀಳದ ತಪ್ಪು ಒಂದಿದೆ. ಚಿತ್ರದೊಳಗೆ ಎಂಟು ಚಿಕ್ಕ ಘನಗಳು ಕಾಣುತ್ತವೆ, ಅವುಗಳಲ್ಲಿ ಒಂದನ್ನೇ ಯೂನಿಟ್ ಸೆಲ್ ಎಂದುಕೊಳ್ಳುವುದು. ಅದರ ಮೂಲೆಗಳಲ್ಲಿ ನಾಲ್ಕು ಸೋಡಿಯಂ, ನಾಲ್ಕು ಕ್ಲೋರಿನ್, ಪಾಲು ಹಾಕಿದರೆ ಅರ್ಧ ಅರ್ಧ. ಅನುಪಾತ ಸರಿ, ಸಾಂದ್ರತೆಯೂ ಸರಿ. ಆದರೆ ಅಂಚಿನ ಒಂದು ತುದಿಯಲ್ಲಿ ಸೋಡಿಯಂ, ಇನ್ನೊಂದರಲ್ಲಿ ಕ್ಲೋರಿನ್. ಯೂನಿಟ್ ಸೆಲ್ಲನ್ನು ಒಂದು ಅಂಚಿನಷ್ಟು ಸರಿಸಿದರೆ ಚಿತ್ರ ತನ್ನ ಮೇಲೆ ತಾನೇ ಕೂರಬೇಕು, ಇದು ಕೂರುವುದಿಲ್ಲ. ಹಾಗಾಗಿ ಎಣಿಸುವ ಮೊದಲು ಪ್ರತಿ ಅಂಚಿನ ಎರಡೂ ತುದಿ ಒಂದೇ ಬಗೆಯವೇ ಎಂದು ನೋಡಲೇಬೇಕು.

ಪ್ರಕೃತಿಯೇ ಈ ತಪ್ಪಿಗೆ ಎಡೆ ಮಾಡಿಕೊಟ್ಟ ಹರಳೂ ಇದೆ. ಪೊಟ್ಯಾಸಿಯಂ ಕ್ಲೋರೈಡ್‌ನ ರಚನೆ ಉಪ್ಪಿನದೇ, ಆದರೆ ಅದರ ಎರಡೂ ಅಯಾನುಗಳಲ್ಲಿ ತಲಾ 18 ಎಲೆಕ್ಟ್ರಾನ್. ಎಕ್ಸ್-ಕಿರಣ ಚದುರುವುದು ಎಲೆಕ್ಟ್ರಾನುಗಳಿಂದ, ಆದ್ದರಿಂದ ಅದಕ್ಕೆ ಇವೆರಡರ ವ್ಯತ್ಯಾಸ ಹೆಚ್ಚುಕಡಿಮೆ ತಿಳಿಯುವುದೇ ಇಲ್ಲ, ಚಿಕ್ಕ ಘನವೇ ಯೂನಿಟ್ ಸೆಲ್ ಎಂಬಂತೆ ಚುಕ್ಕಿಗಳು ಬೀಳುತ್ತವೆ. ಮಗ ಬ್ರ್ಯಾಗ್ ಇದನ್ನು ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಬ್ರೋಮೈಡ್, ಅಯೊಡೈಡ್‌ಗಳ ಜೊತೆ ಹೋಲಿಸಿ ನೋಡಿದ್ದರಿಂದಲೇ ದೊಡ್ಡ ಪೆಟ್ಟಿಗೆ ಕೈಗೆ ಸಿಕ್ಕಿತು.

ಎಲ್ಲರೂ ಇದನ್ನು ಒಪ್ಪಲಿಲ್ಲ. 1927ರಲ್ಲಿ ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 'ನೇಚರ್' ಪತ್ರಿಕೆಗೆ ಬರೆದು ಈ ಚದುರಂಗದ ಮಣೆಯಂಥ ಚಿತ್ರವನ್ನು ಕಟುವಾಗಿ ಟೀಕಿಸಿದ. ಅದರಲ್ಲಿ NaCl ಎಂಬ ಅಣು ಎಲ್ಲೂ ಇಲ್ಲವಲ್ಲ ಎಂಬುದು ಅವನ ಸಂಕಟ. ಚಿತ್ರ ನೋಡಿದರೆ ಅವನು ಕಂಡದ್ದು ನಿಜವೇ. ನಡುವಿನ ಸೋಡಿಯಂನಿಂದ ಆರು ಮುಖಗಳ ಕ್ಲೋರಿನ್ನಿಗೂ ಒಂದೇ ದೂರ, 2.82 ಆಂಗ್‌ಸ್ಟ್ರಮ್. ಇದೇ ಅದರ ಜೋಡಿ ಎಂದು ಒಂದನ್ನು ಬೆರಳಿಟ್ಟು ತೋರಿಸಲಾಗದು. ಹಾಗಾಗಿಯೇ ಹರಳಿನ ಕಡತಗಳಲ್ಲಿ ಇಂದು ಅಣುಗಳೆಷ್ಟು ಎಂದು ಬರೆಯದೆ, ಪೆಟ್ಟಿಗೆಯಲ್ಲಿ ಸೂತ್ರದ ಘಟಕ ಎಷ್ಟು ಎಂದಷ್ಟೇ ಬರೆಯುತ್ತಾರೆ. ಉಪ್ಪಿನ ಕಡತದಲ್ಲಿ ಆ ಸಾಲು `_cell_formula_units_Z 4` ಎಂದಿರುತ್ತದೆ. ಅದೇ ಕಡತವನ್ನು ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದರೆ ಗಡಿಯ ಮೇಲಿನವನ್ನೆಲ್ಲ ಸೇರಿಸಿ ತೆರೆಯ ಮೇಲೆ ಮತ್ತೆ 27 ಗುಂಡು ಮೂಡುತ್ತವೆ.